ಪಿತ್ರಾರ್ಜಿತ ಮನೆ ಮಾರಿದ ಎನ್‌ಆರ್‌ಐಗೆ ತೆರಿಗೆ ನೋಟಿಸ್: ಖರೀದಿದಾರ ಶೇ 1ರಷ್ಟೇ ಟಿಡಿಎಸ್ ಕಡಿತ ಮಾಡಿದಾಗ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಅನೇಕ ಮನೆತನಗಳಲ್ಲಿ ಒಬ್ಬ ಮಗ ಅಂಗಡಿ, ಮನೆ ನೋಡಿಕೊಂಡು ಊರಲ್ಲಿರುತ್ತಾನೆ, ಇನ್ನೊಬ್ಬ ನೌಕರಿಗೆಂದು ಹೊರದೇಶಕ್ಕೆ ಹೋಗಿರುತ್ತಾನೆ. ತಂದೆ ತೀರಿಕೊಂಡ ಮೇಲೆ ಮನೆ ಇಬ್ಬರ ಹೆಸರಿಗೂ ಬರುತ್ತದೆ. ನೋಡಿಕೊಳ್ಳುವವರು ಇಲ್ಲವೆಂದು ಅದನ್ನು ಮಾರುತ್ತಾರೆ. ಖರೀದಿ ಮಾಡಿದವರು ಇಬ್ಬರ ಹಣದಲ್ಲೂ ಶೇಕಡಾ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ತೆರಿಗೆಯ ಕೆಲಸ ಮುಗಿಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಸುಮಾರು ಒಂದು ವರ್ಷದ ನಂತರ ಹೊರದೇಶದಲ್ಲಿರುವವನಿಗೆ ಆದಾಯ ತೆರಿಗೆ ಇಲಾಖೆಯ ನೋಟಿಸ್ ಬರುತ್ತದೆ. ಅದು ಹೋಗುವುದೂ ಮಾರಿಬಿಟ್ಟ ಮನೆಯ ವಿಳಾಸಕ್ಕೇ, ಏಕೆಂದರೆ ಪ್ಯಾನ್ ದಾಖಲೆಯಲ್ಲಿ ಇನ್ನೂ ಅದೇ ವಿಳಾಸ ಇರುತ್ತದೆ.

ಇಂಥ ನೋಟಿಸ್ ಕೈಗೆ ಬಂದಾಗ ಮೊದಲು ಬರುವ ಮಾತು, ‘ತಪ್ಪು ದರದಲ್ಲಿ ಹಿಡಿದವರು ಖರೀದಿದಾರರು, ಬಾಕಿಯನ್ನೂ ಅವರೇ ಕಟ್ಟಲಿ’ ಎಂಬುದು. ಕಾನೂನು ಹಾಗೆ ಹೇಳುವುದಿಲ್ಲ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 191ರ ಪ್ರಕಾರ, ಮೂಲದಲ್ಲಿ ಕಡಿತವಾಗದೇ ಉಳಿದ ತೆರಿಗೆಯನ್ನು ಆದಾಯ ಪಡೆದವನೇ ನೇರವಾಗಿ ಕಟ್ಟಬೇಕು. ಸೆಕ್ಷನ್ 205 ಮಾರಾಟಗಾರನಿಗೆ ಒಂದು ರಕ್ಷಣೆ ಕೊಟ್ಟಿದೆ ನಿಜ. ಆದರೆ ಅದು ಖರೀದಿದಾರ ನಿಜವಾಗಿ ಹಿಡಿದುಕೊಂಡ ಮೊತ್ತಕ್ಕೆ ಮಾತ್ರ. ಹಿಡಿಯಬೇಕಾಗಿದ್ದು ಹಿಡಿಯದ ಮೊತ್ತಕ್ಕೆ ಆ ರಕ್ಷಣೆ ಇಲ್ಲ. ಖರೀದಿದಾರನ ಮೇಲೆ ಬೇರೆ ಹೊಣೆ ಬೀಳುತ್ತದೆ. ಅವನ ಕಷ್ಟ ಎಷ್ಟು ಹಗುರವಾಗುತ್ತದೆ ಎಂಬುದು ಮಾರಾಟಗಾರ ತನ್ನ ರಿಟರ್ನ್ ಸಲ್ಲಿಸುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಇಬ್ಬರೂ ಕೂಡಿ ಕೆಲಸ ಮಾಡಿದರೆ ಇಬ್ಬರಿಗೂ ಖರ್ಚು ಕಡಿಮೆ.

ತಪ್ಪು ಆಗುವುದು ಎಲ್ಲಿ

ಭಾರತದ ನಿವಾಸಿಯಿಂದ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ಜಾಗ ಖರೀದಿಸಿದರೆ ಸೆಕ್ಷನ್ 194-ಐಎ ಪ್ರಕಾರ ಶೇ 1 ಟಿಡಿಎಸ್. ಇದಕ್ಕೆ ಟ್ಯಾನ್ ಸಂಖ್ಯೆ ಬೇಕಿಲ್ಲ, ಇಬ್ಬರ ಪ್ಯಾನ್ ಇದ್ದರೆ ಸಾಕು, 26QB ಎಂಬ ಒಂದೇ ಫಾರ್ಮ್‌ನಲ್ಲಿ ಕೆಲಸ ಮುಗಿಯುತ್ತದೆ. ಬ್ಯಾಂಕಿನವರಿಗೂ ಪತ್ರ ಬರೆಯುವವರಿಗೂ ದಿನವೂ ಬಳಕೆಯಲ್ಲಿರುವುದು ಇದೇ. ಮಾರುವವನು ಅನಿವಾಸಿಯಾಗಿದ್ದರೆ ಈ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಆಗ ಸೆಕ್ಷನ್ 195 ಬರುತ್ತದೆ. ಅಲ್ಲಿ 50 ಲಕ್ಷದ ಮಿತಿ ಇಲ್ಲ, ಹತ್ತು ಲಕ್ಷದ ಜಾಗವಾದರೂ ಟಿಡಿಎಸ್ ಹಿಡಿಯಬೇಕು. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಬಂಡವಾಳ ಲಾಭದ ದರ ಶೇ 12.5, ಅದರ ಮೇಲೆ ಸೆಸ್, ಮೊತ್ತ 50 ಲಕ್ಷ ದಾಟಿದರೆ ಸರ್ಚಾರ್ಜ್ ಕೂಡ. ಖರೀದಿದಾರ ಟ್ಯಾನ್ ಪಡೆದು, ಹಿಡಿದ ಹಣವನ್ನು ಚಲನ್ 281ರಲ್ಲಿ ಕಟ್ಟಿ, ಮೂರು ತಿಂಗಳಿಗೊಮ್ಮೆ ಸಲ್ಲಿಸುವ 27Q ಎಂಬ ವಿವರಪಟ್ಟಿಯಲ್ಲಿ ತೋರಿಸಬೇಕು.

ಖರೀದಿದಾರನಿಗೆ ಇದು ಗೊತ್ತಾಗದೇ ಹೋಗುವುದಕ್ಕೆ ಕಾರಣ ಸರಳ. ಕಚೇರಿಗೆ ಬಂದು ಸಹಿ ಮಾಡುವವರು ಊರಲ್ಲಿರುವ ಅಣ್ಣನವರು. ತಮ್ಮನ ಪರವಾಗಿಯೂ ಅವರೇ ಮುಖ್ತ್ಯಾರ ಪತ್ರದ ಮೇಲೆ ಸಹಿ ಮಾಡುತ್ತಾರೆ. ಖರೀದಿ ಪತ್ರದಲ್ಲಿ ಇಬ್ಬರಿಗೂ ‘ಸಾ॥ ಇಳಕಲ್’ ಎಂದೇ ಬರೆದಿರುತ್ತದೆ. ತಮ್ಮನ ಪ್ಯಾನ್ ಅವನು ಕಾಲೇಜಿನಲ್ಲಿದ್ದಾಗ ಮಾಡಿಸಿದ್ದು, ಆದಾಯ ತೆರಿಗೆ ದಾಖಲೆಯಲ್ಲಿ ಅವನು ಇನ್ನೂ ‘ನಿವಾಸಿ’. ಆಧಾರ್ ಕೂಡ ಇದೆ. ಕಾಗದ ಪತ್ರಗಳನ್ನಷ್ಟೇ ನೋಡಿದವರಿಗೆ ಅವನು ಎನ್‌ಆರ್‌ಐ ಎಂದು ತಿಳಿಯುವ ಮಾರ್ಗವೇ ಇಲ್ಲ.

ಅನಿವಾಸಿ ಯಾರು ಎಂಬುದನ್ನು ಕಾನೂನು ಪಾಸ್‌ಪೋರ್ಟ್ ನೋಡಿ ತೀರ್ಮಾನಿಸುವುದಿಲ್ಲ. ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಎಷ್ಟು ದಿನ ಇದ್ದರು ಎಂದು ಎಣಿಸುತ್ತದೆ. ಹೊರದೇಶದಲ್ಲಿ ನೆಲೆಸಿ ಭೇಟಿಗೆಂದು ಬರುವ ಭಾರತೀಯನಿಗೆ ಸಾಮಾನ್ಯವಾಗಿ 182 ದಿನ ಗಡಿ. ಆದರೆ ಭಾರತದಲ್ಲಿನ ಆದಾಯ 15 ಲಕ್ಷ ದಾಟಿದ ವರ್ಷ ಆ ಗಡಿ 120 ದಿನಕ್ಕೆ ಇಳಿಯುತ್ತದೆ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇದ್ದಿದ್ದರೆ ಮಾತ್ರ. ಮನೆ ಮಾರಿದ ವರ್ಷ ಆದಾಯ 15 ಲಕ್ಷ ದಾಟುವುದು ಸಹಜ. ತಂದೆಯ ಕಾಯಿಲೆ, ತಾಯಿಯ ಆರೈಕೆ, ವಾಟ್ನಿ ಕೆಲಸ ಎಂದು ದೀರ್ಘಕಾಲ ಊರಲ್ಲಿ ಇದ್ದವರು ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ ನೋಡುವುದು ಒಳ್ಳೆಯದು. ಆ ವರ್ಷ ಅವರು ನಿವಾಸಿಯೇ ಆಗಿದ್ದರೆ ಶೇ 1 ತಪ್ಪೇ ಅಲ್ಲ.

ಮಾರಿದವರು ಯಾರು: ಅವಿಭಕ್ತ ಕುಟುಂಬವೋ, ಮಗನೋ

ನೋಟಿಸ್‌ಗೆ ಉತ್ತರ ಬರೆಯುವ ಮೊದಲು ಜೈನ ಮನೆತನಗಳು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956 ಜೈನರಿಗೂ ಅನ್ವಯಿಸುತ್ತದೆ. ಎಚ್‌ಯುಎಫ್ ಹೆಸರಲ್ಲಿ ಪ್ಯಾನ್ ಮಾಡಿಸಿ ಆಸ್ತಿ ಇಟ್ಟುಕೊಂಡ ವ್ಯಾಪಾರಿ ಮನೆತನಗಳೂ ಇವೆ. ಎಚ್‌ಯುಎಫ್‌ನ ಆಡಳಿತ ಪೂರ್ತಿಯಾಗಿ ಭಾರತದ ಹೊರಗಿದ್ದರೆ ಮಾತ್ರ ಅದು ಅನಿವಾಸಿ. ಕರ್ತಾ ಇಳಕಲ್ಲಿನಲ್ಲೇ ಕುಳಿತು ಲೆಕ್ಕ ನೋಡುತ್ತಿದ್ದರೆ, ಅದರ ಒಬ್ಬ ಸದಸ್ಯ ಮಸ್ಕತ್‌ನಲ್ಲಿದ್ದರೂ ಎಚ್‌ಯುಎಫ್ ನಿವಾಸಿಯೇ. ಅಂಥ ಎಚ್‌ಯುಎಫ್ ತನ್ನ ಆಸ್ತಿ ಮಾರಿದ್ದರೆ ಶೇ 1 ಟಿಡಿಎಸ್ ಸರಿಯಾದದ್ದೇ. ಲಾಭವನ್ನೂ ಎಚ್‌ಯುಎಫ್ ರಿಟರ್ನ್‌ನಲ್ಲಿ ತೋರಿಸಬೇಕು.

ಆದರೆ ತಂದೆ ತಾವೇ ದುಡಿದು ತಮ್ಮ ಹೆಸರಲ್ಲಿ ಖರೀದಿಸಿದ ಮನೆ, ಅವರು ಉಯಿಲು ಬರೆಯದೇ ತೀರಿಕೊಂಡ ಮೇಲೆ, ಎಚ್‌ಯುಎಫ್ ಆಸ್ತಿಯಾಗುವುದಿಲ್ಲ. ಅದು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರು, ಹೀಗೆ ಪ್ರತಿಯೊಬ್ಬರಿಗೂ ವೈಯಕ್ತಿಕ ಪಾಲಾಗಿ ಬರುತ್ತದೆ. 1986ರಲ್ಲಿ ಸುಪ್ರೀಂ ಕೋರ್ಟ್ ಚಂದರ್ ಸೇನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮಾರಾಟ ಆದ ಮೇಲೆ ತೆರಿಗೆ ಉಳಿಸಲು ‘ಇದು ಎಚ್‌ಯುಎಫ್ ಆಸ್ತಿ’ ಎಂದು ಬರೆದುಕೊಟ್ಟರೆ ನಡೆಯುವುದಿಲ್ಲ. ಉತಾರದಲ್ಲಿ, ವಾರಸಾ ನೋಂದಣಿಯಲ್ಲಿ, ಖರೀದಿ ಪತ್ರದಲ್ಲಿ ಯಾರ ಹೆಸರಿದೆ, ಹಣ ಯಾರ ಖಾತೆಗೆ ಹೋಗಿದೆ ಎಂಬುದನ್ನೇ ಅಧಿಕಾರಿ ನೋಡುತ್ತಾರೆ.

ಒಂದು ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಕಲ್ಪಿಸಿದವು, ದರ ಮತ್ತು ನಿಯಮಗಳು ಮಾತ್ರ ಕಾನೂನಿನವು. ತಂದೆ 1978ರಲ್ಲಿ ಇಳಕಲ್ಲಿನಲ್ಲಿ ಒಂದು ಮನೆ ಖರೀದಿಸಿದ್ದರು. ಅವರು ಮತ್ತು ತಾಯಿ ಇಬ್ಬರೂ ತೀರಿಕೊಂಡ ಮೇಲೆ ಮನೆ ಇಬ್ಬರು ಗಂಡುಮಕ್ಕಳಿಗೆ ಅರ್ಧರ್ಧ ಬಂತು. ಅಣ್ಣ ಇಳಕಲ್ಲಿನಲ್ಲಿ, ತಮ್ಮ ಮಸ್ಕತ್‌ನಲ್ಲಿ. 2024ರ ನವೆಂಬರ್ 14ರಂದು ಹುನಗುಂದದ ಒಬ್ಬರಿಗೆ 1 ಕೋಟಿ 10 ಲಕ್ಷಕ್ಕೆ ಮಾರಾಟ. ಒಬ್ಬೊಬ್ಬರ ಪಾಲು 55 ಲಕ್ಷ. ಖರೀದಿದಾರ ಇಬ್ಬರಿಂದಲೂ 55,000 ಹಿಡಿದು 26QBಯಲ್ಲಿ ಕಟ್ಟಿದರು.

ಪಿತ್ರಾರ್ಜಿತ ಆಸ್ತಿಗೆ ಮಕ್ಕಳು ಏನೂ ಕೊಟ್ಟಿರುವುದಿಲ್ಲ. ಹಾಗೆಂದು ಖರ್ಚು ಸೊನ್ನೆ ಎಂದು ಕಾನೂನು ಹಿಡಿಯುವುದಿಲ್ಲ. ತಂದೆ ಕೊಟ್ಟ ಬೆಲೆಯೇ ಮಕ್ಕಳ ಬೆಲೆ, ತಂದೆ ಇಟ್ಟುಕೊಂಡಿದ್ದ ಕಾಲವೂ ಮಕ್ಕಳ ಲೆಕ್ಕಕ್ಕೆ ಸೇರುತ್ತದೆ. ತಂದೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಖರೀದಿಸಿದ್ದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯುವ ಆಯ್ಕೆ ಇದೆ. ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಇಡೀ ಮನೆಗೆ ಆ ದಿನದ ಬೆಲೆ 16 ಲಕ್ಷ ಎಂದು ನೋಂದಾಯಿತ ಮೌಲ್ಯಮಾಪಕರು ವರದಿ ಕೊಟ್ಟರೆ, ತಮ್ಮನ ಪಾಲಿಗೆ 8 ಲಕ್ಷ.

ತಮ್ಮನ ಲಾಭ 55 ಲಕ್ಷದಲ್ಲಿ 8 ಲಕ್ಷ ಕಳೆದರೆ 47 ಲಕ್ಷ. ಶೇ 12.5ರಂತೆ 5,87,500. ಶೇ 4 ಸೆಸ್ 23,500. ಒಟ್ಟು ತೆರಿಗೆ 6,11,000. ಖರೀದಿದಾರ ಕಟ್ಟಿದ 55,000 ಕಳೆದರೆ ಬಾಕಿ 5,56,000.

ಅಣ್ಣನ ಪಾಲೂ ಅಷ್ಟೇ, ಮನೆಯೂ ಅದೇ, ಆದರೆ ತೆರಿಗೆ ಬೇರೆ. 2024ರ ಜುಲೈ 23ಕ್ಕಿಂತ ಮೊದಲು ಬಂದ ಜಾಗ, ಮನೆಗಳಿಗೆ ಹಣದುಬ್ಬರ ಸೂಚ್ಯಂಕ ಸೇರಿಸಿ ಶೇ 20ರಂತೆ ಲೆಕ್ಕ ಹಾಕಿ, ಅದು ಕಡಿಮೆಯಾದರೆ ಅಷ್ಟೇ ಕಟ್ಟುವ ಅನುಕೂಲವನ್ನು ನಿವಾಸಿ ವ್ಯಕ್ತಿಗೆ ಮತ್ತು ನಿವಾಸಿ ಎಚ್‌ಯುಎಫ್‌ಗೆ ಮಾತ್ರ ಉಳಿಸಲಾಗಿದೆ. 2001-02ರ ಸೂಚ್ಯಂಕ 100, 2024-25ರದ್ದು 363. ಅಣ್ಣನ 8 ಲಕ್ಷ 29,04,000 ಆಗುತ್ತದೆ, ಲಾಭ 25,96,000, ಶೇ 20ರಂತೆ 5,19,200, ಸೆಸ್ ಸೇರಿ 5,39,968. ತಮ್ಮನಿಗೆ ಈ ಆಯ್ಕೆ ಇಲ್ಲ. ಲಾಭದಲ್ಲಿ ಮೂಲ ವಿನಾಯಿತಿ ಮಿತಿಯನ್ನು ಕಳೆದುಕೊಳ್ಳುವ ಸೌಲಭ್ಯವೂ ಅನಿವಾಸಿಗೆ ಇಲ್ಲ. ಊರಿನ ಲೆಕ್ಕಿಗರು ಅಣ್ಣನ ಲೆಕ್ಕವನ್ನೇ ನಕಲು ಮಾಡಿ ತಮ್ಮನಿಗೂ ಸಲ್ಲಿಸಿಬಿಟ್ಟರೆ ಇನ್ನೊಂದು ನೋಟಿಸ್‌ಗೆ ದಾರಿಯಾಗುತ್ತದೆ. ಶೇ 1 ಕಟ್ಟಾಗಿದೆ ಎಂದು ಅಣ್ಣನೂ ನಿಶ್ಚಿಂತೆಯಿಂದ ಇರುವಂತಿಲ್ಲ, ಅವರದ್ದೂ ದೊಡ್ಡ ಬಾಕಿಯೇ.

ತಮ್ಮನ 6,11,000 ಮತ್ತು ಖರೀದಿದಾರ ಹಿಡಿಯಬೇಕಾಗಿದ್ದ ಮೊತ್ತ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಇಲಾಖೆಯ ಪ್ರಮಾಣಪತ್ರ ಇಲ್ಲದಿದ್ದರೆ ಖರೀದಿದಾರರು ಸಾಮಾನ್ಯವಾಗಿ ಪೂರ್ತಿ ಮಾರಾಟ ಬೆಲೆಯ ಮೇಲೆ ಹಿಡಿಯುತ್ತಾರೆ. 55 ಲಕ್ಷಕ್ಕೆ ಸರ್ಚಾರ್ಜ್, ಸೆಸ್ ಸೇರಿ ಶೇ 14.3ರಂತೆ 7,86,500. ಲಾಭದ ಮೇಲೆ ಮಾತ್ರ ಹಿಡಿಸಬೇಕೆಂದರೆ ಮಾರಾಟಗಾರ ಮೊದಲೇ ಫಾರ್ಮ್ 13ರಲ್ಲಿ ಅರ್ಜಿ ಹಾಕಿ ಸೆಕ್ಷನ್ 197ರ ಪ್ರಮಾಣಪತ್ರ ತರಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ. ಮುಂಗಡ ಕೊಡುವಾಗಲೂ ಟಿಡಿಎಸ್ ಹಿಡಿಯಬೇಕಾದ್ದರಿಂದ ಕರಾರಿಗೆ ಮುಂಚೆಯೇ ಅರ್ಜಿ ಹಾಕುವುದು ಸರಿ. ತೆರಿಗೆಗೆ ಒಳಪಡುವ ಮೊತ್ತಕ್ಕೆ ಮಾತ್ರ ಸೆಕ್ಷನ್ 195 ಅನ್ವಯಿಸುತ್ತದೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೆಂಗಳೂರಿನ ಜಿಇ ಇಂಡಿಯಾ ಟೆಕ್ನಾಲಜಿ ಸೆಂಟರ್ ಪ್ರಕರಣದಲ್ಲಿ. ಕರ್ನಾಟಕ ಹೈಕೋರ್ಟ್ ಅದಕ್ಕೆ ಮೊದಲು ಕಂದಾಯ ಇಲಾಖೆಯ ಪರ ನಿಂತಿತ್ತು. ಆ ತೀರ್ಪು ಖರೀದಿದಾರನಿಗೆ ವಾದಕ್ಕೆ ಒದಗುತ್ತದೆ. ಆದರೆ ಮಾರುವವನ ಲಾಭ ಎಷ್ಟೆಂದು ತಾನೇ ಊಹಿಸಿ ಹಿಡಿಯುವುದು ಖರೀದಿದಾರನಿಗೆ ಅಪಾಯದ ದಾರಿ.

ಇಲಾಖೆಗೆ ಗೊತ್ತಾಗುವ ಬಗೆ

26QB ಸಲ್ಲಿಸಿದ ದಿನವೇ ಮಾರಾಟಗಾರನ ಪ್ಯಾನ್‌ಗೆ 55 ಲಕ್ಷದ ವ್ಯವಹಾರ ಅಂಟಿಕೊಂಡಿತು. ಜೊತೆಗೆ 30 ಲಕ್ಷ ಮತ್ತು ಅದಕ್ಕೂ ಮೇಲಿನ ಸ್ಥಿರಾಸ್ತಿ ವ್ಯವಹಾರಗಳ ವಿವರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯೂ ಆದಾಯ ತೆರಿಗೆ ಇಲಾಖೆಗೆ ಕಳಿಸುತ್ತದೆ. ಎರಡೂ AIS ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತವೆ. ಆ ಪ್ಯಾನ್‌ನಲ್ಲಿ ರಿಟರ್ನ್ ಸಲ್ಲಿಕೆಯಾಗದಿದ್ದರೆ ಮೊದಲು ಬರುವುದು ‘ದೊಡ್ಡ ವ್ಯವಹಾರ ಇದೆ, ರಿಟರ್ನ್ ಇಲ್ಲ’ ಎಂಬ ಇಮೇಲ್ ಅಥವಾ ಎಸ್‌ಎಂಎಸ್. ಹಳೆಯ ಭಾರತೀಯ ಮೊಬೈಲ್ ಸಂಖ್ಯೆ ಬಂದ್ ಆಗಿದ್ದರೆ ಅದು ಯಾರಿಗೂ ಮುಟ್ಟುವುದಿಲ್ಲ. ಅದಕ್ಕೆ ಉತ್ತರ ಬರದಿದ್ದರೆ ಸೆಕ್ಷನ್ 148ಎ ಅಡಿ ‘ನಿಮ್ಮ ಪ್ರಕರಣವನ್ನು ಏಕೆ ತೆರೆಯಬಾರದು’ ಎಂದು ಕಾರಣ ಕೇಳುವ ನೋಟಿಸ್ ಬರುತ್ತದೆ. ಇವೆರಡರ ತೂಕ ಬೇರೆ ಬೇರೆ. ಮೊದಲನೆಯದು ಬಂದಾಗ ಇನ್ನೂ ರಿಟರ್ನ್ ಸಲ್ಲಿಸುವ ಅವಧಿ ಉಳಿದಿರಬಹುದು. ಎರಡನೆಯದರ ನಂತರ ಪ್ರಕರಣ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ 50ರಷ್ಟು ದಂಡದ ಮಾತು ಅಲ್ಲಿಂದ ಶುರುವಾಗುತ್ತದೆ.

ಕೆಲವರಿಗೆ ನೋಟಿಸ್‌ಗಿಂತ ಮೊದಲೇ ಬ್ಯಾಂಕಿನಲ್ಲಿ ಗೊತ್ತಾಗುತ್ತದೆ. ಮಾರಾಟದ ಹಣ ಎನ್‌ಆರ್‌ಒ ಖಾತೆಯಲ್ಲಿರುತ್ತದೆ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಅದಕ್ಕೆ 15CA ಮತ್ತು ಸಿಎ ಸಹಿಯ 15CB ಬೇಕು. ತೆರಿಗೆ ಪೂರ್ತಿ ಕಟ್ಟದ ಹಣಕ್ಕೆ ಯಾವ ಸಿಎ ಕೂಡ ಸಹಿ ಹಾಕುವುದಿಲ್ಲ. ಹಣ ಅಲ್ಲೇ ನಿಂತಿತು ಎಂದು ಬೇಸರಪಡುವವರು ಒಂದು ರೀತಿಯಲ್ಲಿ ಅದೃಷ್ಟವಂತರು, ಅವರಿಗೆ ಬಡ್ಡಿ ಬೆಳೆಯುವ ಮೊದಲೇ ವಿಷಯ ತಿಳಿಯಿತು.

ನೋಟಿಸ್ ಬಂದ ಮೇಲೆ ತಮ್ಮನ ಕೆಲಸ

ಮೊದಲು ನೋಟಿಸ್ ಮೇಲಿನ DIN ಸಂಖ್ಯೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿ ಅದು ನಿಜವಾದದ್ದೇ ಎಂದು ನೋಡಬೇಕು. ನೋಟಿಸ್ ಎಂದು ನಂಬಿಸಿ ಹಣ ಕೀಳುವವರೂ ಇದ್ದಾರೆ. ನಂತರ ಪೋರ್ಟಲ್‌ನಲ್ಲಿ ತನ್ನ ಸ್ಥಿತಿಯನ್ನು ಅನಿವಾಸಿ ಎಂದು ಬದಲಿಸಿ, ಇಮೇಲ್, ಹೊರದೇಶದ ವಿಳಾಸ ಕೊಡಬೇಕು. ಪ್ಯಾನ್ ಇರುವ ವಾರ್ಡನ್ನು ಅಂತಾರಾಷ್ಟ್ರೀಯ ತೆರಿಗೆ ವಿಭಾಗಕ್ಕೆ ವರ್ಗಾಯಿಸಲು ಅರ್ಜಿ ಕೊಡಬೇಕು. ಎನ್‌ಆರ್‌ಐಗೆ ಪ್ಯಾನ್-ಆಧಾರ್ ಜೋಡಣೆ ಕಡ್ಡಾಯವಲ್ಲ, ಆದರೂ ದಾಖಲೆಯಲ್ಲಿ ‘ನಿವಾಸಿ’ ಎಂದೇ ಉಳಿದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿರುವ ಸಾಧ್ಯತೆ ಇದೆ.

ಮೇಲಿನ ಉದಾಹರಣೆಯಲ್ಲಿ ಮೊದಲ ಬಗೆಯ ಸಂದೇಶ 2025ರ ನವೆಂಬರ್‌ನಲ್ಲಿ ಬಂತು ಎಂದುಕೊಂಡರೆ, ತಡವಾದ ರಿಟರ್ನ್ ಸಲ್ಲಿಸಲು 2025ರ ಡಿಸೆಂಬರ್ 31ರವರೆಗೆ ಅವಕಾಶ ಇತ್ತು. ರಿಟರ್ನ್‌ನ ಮೂಲ ಗಡುವು ಆ ವರ್ಷ ಸೆಪ್ಟೆಂಬರ್ 16ಕ್ಕೆ ವಿಸ್ತರಣೆಯಾಗಿತ್ತು. ತಮ್ಮ ಡಿಸೆಂಬರ್ 20ರಂದು ITR-2 ಸಲ್ಲಿಸಿದರೆ 5,56,000ದ ಮೇಲೆ ಮೂರು ಬಗೆಯ ಬಡ್ಡಿ ಬೀಳುತ್ತದೆ. ತಡವಾಗಿ ಸಲ್ಲಿಸಿದ್ದಕ್ಕೆ ಸೆಕ್ಷನ್ 234ಎ ಅಡಿ ನಾಲ್ಕು ತಿಂಗಳು, 22,240. ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಅಡಿ ಏಪ್ರಿಲ್‌ನಿಂದ ಒಂಬತ್ತು ತಿಂಗಳು, 50,040. ಡಿಸೆಂಬರ್ ಮತ್ತು ಮಾರ್ಚ್ ಕಂತು ತಪ್ಪಿದ್ದಕ್ಕೆ 234ಸಿ ಅಡಿ 18,070. ಬಡ್ಡಿ ಒಟ್ಟು 90,350, ವಿಳಂಬ ಶುಲ್ಕ 5,000. ಎಲ್ಲ ಸೇರಿ ಕಟ್ಟಬೇಕಾದದ್ದು 6,51,350.

‘ಟಿಡಿಎಸ್ ಹಿಡಿಯುವ ಜವಾಬ್ದಾರಿ ಖರೀದಿದಾರನದು, ಮುಂಗಡ ತೆರಿಗೆಯ ಬಡ್ಡಿ ನನಗೇಕೆ’ ಎಂಬ ವಾದ ಒಂದು ಕಾಲಕ್ಕೆ ಗೆಲ್ಲುತ್ತಿತ್ತು. 2021ರ ಸೆಪ್ಟೆಂಬರ್ 17ರಂದು ಮಿತ್ಸುಬಿಷಿ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ವರ್ಷಗಳಿಗೆ ಅನಿವಾಸಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ 2012ರ ಹಣಕಾಸು ಕಾಯ್ದೆ ಸೆಕ್ಷನ್ 209ಕ್ಕೆ ಒಂದು ಷರತ್ತು ಸೇರಿಸಿ ಆ ಬಾಗಿಲು ಮುಚ್ಚಿದೆ, ಹಿಡಿಯದೇ ಉಳಿದ ಟಿಡಿಎಸ್ ಅನ್ನು ಮುಂಗಡ ತೆರಿಗೆಯ ಲೆಕ್ಕದಿಂದ ಕಳೆಯುವಂತಿಲ್ಲ. ಇಂಟರ್ನೆಟ್‌ನಲ್ಲಿ ಹಳೆಯ ತೀರ್ಪು ಓದಿ 234ಬಿ ಬಿಟ್ಟು ರಿಟರ್ನ್ ಹಾಕಿದರೆ ಬೆಂಗಳೂರಿನ ಸಿಪಿಸಿ ಅದನ್ನು ತಾನೇ ಸೇರಿಸಿ ಬೇಡಿಕೆ ಕಳಿಸುತ್ತದೆ.

ಖರೀದಿದಾರ ಕಟ್ಟಿದ 55,000 ತಪ್ಪು ಫಾರ್ಮ್‌ನಲ್ಲಿ ಬಂದಿದ್ದರೂ ತಮ್ಮನ ಪ್ಯಾನ್‌ನಲ್ಲೇ ಜಮಾ ಆಗಿದೆ, ಅದನ್ನು ರಿಟರ್ನ್‌ನಲ್ಲಿ ಪಡೆಯಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ತಪ್ಪು ಸರಿಪಡಿಸುತ್ತೇನೆಂದು ಖರೀದಿದಾರ ಆ 26QB ಹಣ ವಾಪಸ್ ಕೇಳಿಬಿಟ್ಟರೆ ತಮ್ಮನ ಖಾತೆಯ ಜಮಾ ಮಾಯವಾಗುತ್ತದೆ, ಮತ್ತೆ ಬೇಡಿಕೆ ಬರುತ್ತದೆ. ಯಾರು ಏನು ಮಾಡುತ್ತಾರೆ ಎಂಬುದನ್ನು ಇಬ್ಬರೂ ಮಾತಾಡಿಕೊಂಡು ಒಂದೇ ದಾರಿ ಹಿಡಿಯಬೇಕು.

ರಿಟರ್ನ್ ಪರಿಶೀಲನೆಗೆ ಆಧಾರ್ ಓಟಿಪಿ ಸಿಗದವರು ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅದೂ ಆಗದಿದ್ದರೆ ಸಹಿ ಮಾಡಿದ ITR-V ಕಾಗದವನ್ನು 30 ದಿನದೊಳಗೆ ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಮುಟ್ಟಿಸಬೇಕು. ಪರಿಶೀಲನೆಯಾಗದ ರಿಟರ್ನ್ ಸಲ್ಲಿಸದ ರಿಟರ್ನ್‌ಗೆ ಸಮ.

ತಡವಾದ್ದರಿಂದ ಕಳೆದುಹೋಗುವ ದೊಡ್ಡ ವಸ್ತು ಬಡ್ಡಿಯಲ್ಲ, ವಿನಾಯಿತಿ. ಲಾಭವನ್ನು ಆರು ತಿಂಗಳೊಳಗೆ ಸೆಕ್ಷನ್ 54ಇಸಿ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಿದ್ದರೆ 47 ಲಕ್ಷದ ಮೇಲಿನ ತೆರಿಗೆಯೇ ಇರುತ್ತಿರಲಿಲ್ಲ. ಎನ್‌ಆರ್‌ಐಗೂ ಈ ಸೌಲಭ್ಯ ಇದೆ. ಆದರೆ ಆ ಅವಧಿ 2025ರ ಮೇ ತಿಂಗಳಲ್ಲೇ ಮುಗಿದಿತ್ತು, ಆಗ ಯಾರಿಗೂ ನೋಟಿಸ್ ಬಂದಿರಲಿಲ್ಲ. ಭಾರತದಲ್ಲಿ ಮತ್ತೊಂದು ಮನೆ ಖರೀದಿಸಿ ಸೆಕ್ಷನ್ 54ರ ವಿನಾಯಿತಿ ಪಡೆಯುವವರು, ಬಳಸದೇ ಉಳಿದ ಹಣವನ್ನು ರಿಟರ್ನ್ ಗಡುವಿನೊಳಗೆ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕಿತ್ತು. ಇಡದಿದ್ದರೂ ತಡವಾದ ರಿಟರ್ನ್‌ನ ಅವಧಿಯೊಳಗೆ ಮನೆಗೆ ಹಣ ಹಾಕಿದ್ದರೆ ಸಾಕು ಎಂದು ಫಾತಿಮಾ ಬಾಯಿ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಮನೆ ನಿಜವಾಗಿ ಖರೀದಿಸಿದವರಿಗೆ ಈ ತೀರ್ಪು ಉಪಯೋಗಕ್ಕೆ ಬರುತ್ತದೆ.

ಹುನಗುಂದದ ಖರೀದಿದಾರನ ಪಾಡು

ಖರೀದಿದಾರನಿಗೆ ಬರುವ ನೋಟಿಸ್ ಸೆಕ್ಷನ್ 201ರದ್ದು. ಕಡಿಮೆ ಹಿಡಿದ ತೆರಿಗೆಗೆ ಅವನನ್ನು ಬಾಕಿದಾರ ಎಂದು ಪರಿಗಣಿಸಿ ತೆರಿಗೆಯನ್ನೂ ಬಡ್ಡಿಯನ್ನೂ ಕೇಳಬಹುದು. ಮಾರಿದವನು ಹಣ ತೆಗೆದುಕೊಂಡು ಮಸ್ಕತ್‌ಗೆ ಹೋಗಿ ಫೋನ್ ಎತ್ತದಿದ್ದರೆ ಖರೀದಿದಾರ ತನ್ನ ಜೇಬಿನಿಂದಲೇ ಕಟ್ಟಬೇಕಾಗುತ್ತದೆ. ಆದರೆ ಮಾರಿದವನು ರಿಟರ್ನ್ ಸಲ್ಲಿಸಿ, ಆ ಮಾರಾಟವನ್ನು ಅದರಲ್ಲಿ ತೋರಿಸಿ, ತೆರಿಗೆ ಕಟ್ಟಿದ್ದರೆ, ಖರೀದಿದಾರ ಸಿಎ ಪ್ರಮಾಣೀಕರಿಸಿದ ಫಾರ್ಮ್ 26A ಸಲ್ಲಿಸಿ ತೆರಿಗೆಯ ಹೊಣೆಯಿಂದ ಬಿಡುಗಡೆ ಪಡೆಯಬಹುದು. ಹಣ ಪಡೆದವನು ನಿವಾಸಿಯಾಗಿದ್ದಾಗ ಮಾತ್ರ ಇದ್ದ ಈ ಅನುಕೂಲವನ್ನು 2019ರ ಸೆಪ್ಟೆಂಬರ್ 1ರಿಂದ ಅನಿವಾಸಿಗೆ ಹಣ ಕೊಟ್ಟವರಿಗೂ ವಿಸ್ತರಿಸಲಾಯಿತು. ಅದಕ್ಕಿಂತ ಹಳೆಯ ಸಲಹೆ ಪುಸ್ತಕ ನೋಡಿ ‘ಎನ್‌ಆರ್‌ಐಗೆ 26A ನಡೆಯುವುದಿಲ್ಲ’ ಎನ್ನುವವರು ಈಗಲೂ ಸಿಗುತ್ತಾರೆ.

ಬಡ್ಡಿಯಿಂದ ಮಾತ್ರ ಬಿಡುಗಡೆ ಇಲ್ಲ. ತೆರಿಗೆ ಹಿಡಿಯಬೇಕಾಗಿದ್ದ ದಿನದಿಂದ ಮಾರಾಟಗಾರ ರಿಟರ್ನ್ ಸಲ್ಲಿಸಿದ ದಿನದವರೆಗೆ ತಿಂಗಳಿಗೆ ಶೇ 1. ಮೇಲಿನ ಉದಾಹರಣೆಯಲ್ಲಿ ನವೆಂಬರ್ 14ರಿಂದ ಮುಂದಿನ ಡಿಸೆಂಬರ್ 20ರವರೆಗೆ 14 ತಿಂಗಳು. ಲಾಭದ ಮೇಲಿನ ತೆರಿಗೆಯನ್ನೇ ಹಿಡಿದು 5,56,000ಕ್ಕೆ ಲೆಕ್ಕ ಹಾಕಿದರೂ 77,840. ತಮ್ಮ ಒಂದೊಂದು ತಿಂಗಳು ತಡಮಾಡಿದಂತೆ ಖರೀದಿದಾರನಿಗೆ 5,560 ಹೆಚ್ಚುತ್ತದೆ. ಈ ಬಡ್ಡಿಯನ್ನು ಯಾರು ಭರಿಸಬೇಕು ಎಂಬುದು ಕಾನೂನಿಗೆ ಸಂಬಂಧಿಸಿದ್ದಲ್ಲ. ಖರೀದಿ ಪತ್ರದಲ್ಲಿ ಮಾರಾಟಗಾರ ತನ್ನನ್ನು ನಿವಾಸಿ ಎಂದು ಬರೆಸಿದ್ದರೆ ಅವನೇ ಕೊಡುವುದು ನ್ಯಾಯ. 26A ಸಲ್ಲಿಸಲು ಖರೀದಿದಾರನಿಗೆ ಟ್ಯಾನ್ ಬೇಕಾಗುತ್ತದೆ.

2001ರ ಬೆಲೆಗೆ ಕಾಗದ ಎಲ್ಲಿ

ಇಡೀ ಲೆಕ್ಕದಲ್ಲಿ ಹೆಚ್ಚು ಪ್ರಶ್ನೆಗೆ ಒಳಗಾಗುವುದು ಆ 16 ಲಕ್ಷ. ಇಳಕಲ್ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. 2001ರಲ್ಲಿ ಅದು ಹುನಗುಂದ ತಾಲ್ಲೂಕಿನಲ್ಲಿತ್ತು, ಅಂದಿನ ಮಾರ್ಗಸೂಚಿ ಬೆಲೆಯನ್ನು ಆ ಹೆಸರಿನಲ್ಲಿ ಹುಡುಕಬೇಕು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ತಂದೆಯ 1978ರ ಖರೀದಿ ಪತ್ರದಲ್ಲಿ ‘ಜಿಲ್ಲಾ ವಿಜಾಪುರ’ ಎಂದಿರುವುದು ತಪ್ಪಲ್ಲ. ಅದನ್ನು ಉತ್ತರದಲ್ಲಿ ಒಂದು ಸಾಲು ಬರೆದು ತಿಳಿಸಿದರೆ ಬೆಂಗಳೂರಿನ ಅಧಿಕಾರಿಗೆ ಗೊಂದಲವಾಗುವುದಿಲ್ಲ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಕುಟುಂಬಗಳು ಹಕ್ಕುಪತ್ರದ ತಾರೀಖು ನೋಡಿಕೊಳ್ಳಬೇಕು. ನವನಗರದ ನಿವೇಶನ 2001ರ ಏಪ್ರಿಲ್ 1ರ ನಂತರ ತಂದೆಗೆ ಸಿಕ್ಕಿದ್ದರೆ 2001ರ ಬೆಲೆಯ ಆಯ್ಕೆ ಅದಕ್ಕೆ ಇಲ್ಲ, ಅವರು ಕಟ್ಟಿದ ಹಣವೇ ಲೆಕ್ಕ. ಮುಳುಗಡೆಯಾದ ಮನೆಯ ಹಳೆಯ ತಾರೀಖನ್ನು ಹೊಸ ನಿವೇಶನಕ್ಕೆ ತಾನಾಗಿಯೇ ಹಾಕುವಂತಿಲ್ಲ.

ಮಾರಿದ್ದು ಮನೆಯಲ್ಲ, ಹೊಲ ಆಗಿದ್ದರೆ ಕಥೆ ಬೇರೆಯಾಗಬಹುದು. ಗ್ರಾಮೀಣ ಕೃಷಿ ಭೂಮಿಯನ್ನು ಬಂಡವಾಳ ಆಸ್ತಿ ಎಂದು ಕಾನೂನು ಪರಿಗಣಿಸುವುದಿಲ್ಲ, ಆಗ ತೆರಿಗೆಯೂ ಇಲ್ಲ. ಅಳತೆ ನಗರದ ಗಡಿಯಿಂದ, ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ. ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆ ಇರುವ ಊರಿಗೆ 2 ಕಿ.ಮೀ., ಒಂದು ಲಕ್ಷ ದಾಟಿದರೆ 6 ಕಿ.ಮೀ. 2011ರ ಜನಗಣತಿಯಂತೆ ಬಾದಾಮಿ, ಹುನಗುಂದ, ಇಳಕಲ್ ಮೊದಲ ಗುಂಪಿಗೆ, ಬಾಗಲಕೋಟೆ ಎರಡನೆಯದಕ್ಕೆ ಸೇರುತ್ತವೆ. ಬಾದಾಮಿ ಪುರಸಭೆ ಗಡಿಯಿಂದ 3 ಕಿ.ಮೀ. ದೂರದ ಹೊಲಕ್ಕೆ ತೆರಿಗೆ ಬೀಳುವುದಿಲ್ಲ, ಬಾಗಲಕೋಟೆಯಿಂದ ಅಷ್ಟೇ ದೂರದ ಹೊಲಕ್ಕೆ ಬೀಳುತ್ತದೆ. ಇಂಥ ಹೊಲ ಮಾರಿದ್ದಕ್ಕೆ ನೋಟಿಸ್ ಬಂದಿದ್ದರೆ ಪಹಣಿ, ಬೆಳೆ ವಿವರ ಮತ್ತು ತಹಶೀಲ್ದಾರರಿಂದ ದೂರದ ಪ್ರಮಾಣಪತ್ರ ಇಟ್ಟು ಉತ್ತರ ಕೊಡಬೇಕು.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದಿದ್ದು, ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಆ ದಿನಕ್ಕಿಂತ ಮೊದಲು ನಡೆದ ಮಾರಾಟಕ್ಕೆ 1961ರ ಕಾಯ್ದೆಯೇ ಅನ್ವಯ, ಉತ್ತರದಲ್ಲೂ ಹಳೆಯ ಸಂಖ್ಯೆಗಳನ್ನೇ ಬರೆಯಬೇಕು.